ಎರಡು ಪೆಟ್ಟಿಗೆ, ಮೂರು ಸುಳಿವು, ಒಂದು ಕಂಡಕ್ಟರ್ ಜೋಕ್: ಒಗಟಿನ ಆಟಕ್ಕೆ ವಾಕ್‌ಥ್ರೂ ಬರೆಯುವುದು ಹೇಗೆ

ಬೇಸಿಗೆ ರಜೆ ಬಂತು ಅಂದರೆ ನನ್ನ ಫೋನು ನನ್ನ ಕೈಯಲ್ಲಿ ಇರುವುದಿಲ್ಲ. ಈ ಸಲ ಅಕ್ಕನ ಮಗಳು ಗೋದಾಮಿನಲ್ಲಿ ಪೆಟ್ಟಿಗೆ ತಳ್ಳುವ ಆಟ ಹಿಡಿದಿದ್ದಳು. ಒಂದು ಲೆವೆಲ್‌ನಲ್ಲಿ ಎರಡು ದಿನ ಸಿಕ್ಕಿಹಾಕಿಕೊಂಡಳು. "ಮಾಮ, ಯೂಟ್ಯೂಬಲ್ಲಿ ನೋಡ್ಲಾ?" ಅಂತ ಕೇಳಿದಳು. ನೋಡು ಅಂದೆ. ಒಂದೇ ನಿಮಿಷದಲ್ಲಿ ಲೆವೆಲ್ ಮುಗಿಯಿತು, ಆದರೆ ಮುಖ ಸಪ್ಪಗಾಯಿತು. "ಅಷ್ಟೇನಾ? ಇನ್ನೊಂಚೂರು ಬಿಟ್ಟಿದ್ರೆ ನಾನೇ ಮಾಡ್ತಿದ್ದೆ" ಅಂತ ಫೋನು ಕೆಳಗಿಟ್ಟವಳು ಆವತ್ತು ಮತ್ತೆ ಆ ಆಟ ಮುಟ್ಟಲಿಲ್ಲ.

ಅವಳಿಗೆ ಬೇಕಿದ್ದದ್ದು ಒಂದು ಸುಳಿವು. ಸಿಕ್ಕಿದ್ದು ಪೂರ್ತಿ ಉತ್ತರ. ಈಗ ಕನ್ನಡದಲ್ಲೂ ಆಟದ ವಿಡಿಯೊ ಮಾಡುವವರು ಇದ್ದಾರೆ, ಮಾಡಬೇಕು ಅಂತ ಹೊರಟ ಹುಡುಗ ಹುಡುಗಿಯರೂ ಇದ್ದಾರೆ. ಹಾಗಾಗಿ ಈ ಸುಳಿವಿನ ಕೆಲಸ ಒಳಗಿಂದ ಹೇಗೆ ನಡೆಯುತ್ತದೆ ಅಂತ ಒಂದು ಚಿಕ್ಕ ಲೆವೆಲ್ ಇಟ್ಟುಕೊಂಡು ಬಿಡಿಸಿ ಹೇಳುತ್ತೇನೆ. ಆಟ ಆಡದವರಿಗೂ ಅರ್ಥವಾಗಬೇಕು ಅನ್ನುವುದು ನನ್ನ ಆಸೆ.

## ವಾಕ್‌ಥ್ರೂ ಅಂದರೆ ಏನು, ಸ್ಪಾಯ್ಲರ್ ಅಂದರೆ ಏನು

ಒಂದು ಆಟವನ್ನು ಶುರುವಿನಿಂದ ಕೊನೆಯವರೆಗೆ ಆಡಿ ತೋರಿಸುತ್ತಾ, ಜೊತೆಗೆ ಮಾತಾಡುತ್ತಾ ಹೋಗುವುದಕ್ಕೆ ವಾಕ್‌ಥ್ರೂ ಅನ್ನುತ್ತಾರೆ. ಆ ಮಾತನ್ನು ಮೊದಲೇ ಬರೆದಿಟ್ಟುಕೊಂಡರೆ ಅದು ಸ್ಕ್ರಿಪ್ಟ್. ಆಟಗಾರ ತಾನೇ ಕಂಡುಹಿಡಿಯಬೇಕಾದದ್ದನ್ನು ಮೊದಲೇ ಹೇಳಿಬಿಟ್ಟರೆ ಅದು ಸ್ಪಾಯ್ಲರ್.

ಬೇರೆ ಆಟಗಳಲ್ಲಿ ವಾಕ್‌ಥ್ರೂ ನೋಡಿದರೂ ಆಡುವ ಕೆಲಸ ಬಾಕಿ ಇರುತ್ತದೆ. ಓಡುವ, ಹಾರುವ ಆಟದಲ್ಲಿ ದಾರಿ ಗೊತ್ತಾದರೂ ಬೆರಳು ಪಳಗಬೇಕು. ಒಗಟಿನ ಆಟದಲ್ಲಿ ಹಾಗಿಲ್ಲ. ಅಲ್ಲಿ ಹೊಳೆಯುವುದೇ ಆಟ. ಹೊಳೆಯುವ ಮೊದಲೇ ಉತ್ತರ ಗೊತ್ತಾದರೆ ಉಳಿಯುವುದು ಗುಂಡಿ ಒತ್ತುವ ಕೆಲಸ ಮಾತ್ರ.

ನಮ್ಮ ಅಜ್ಜಿ ಒಗಟು ಹೇಳುತ್ತಿದ್ದದ್ದು ನೆನಪಿದೆ. "ಕಾಸಿನ ಕುದುರೆಗೆ ಬಾಲದ ಲಗಾಮು, ಏನದು?" ನಾವು ಆನೆ, ಕುದುರೆ, ಗಾಡಿ ಅಂತ ಏನೇನೋ ಹೇಳುತ್ತಿದ್ದೆವು. ಅಜ್ಜಿ ಉತ್ತರ ಹೇಳುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಮನೆಯೊಳಗೇ ಇದೆ" ಅನ್ನುತ್ತಿದ್ದರು. ಮತ್ತೂ ಹೊತ್ತು ಬಿಟ್ಟು "ನಿನ್ನ ಅಂಗಿ ಗುಂಡಿ ಕಿತ್ತು ಹೋದ್ರೆ ಅದು ಬೇಕಾಗುತ್ತೆ" ಅನ್ನುತ್ತಿದ್ದರು. "ಸೂಜಿ ದಾರ!" ಅಂತ ಕಿರುಚುತ್ತಿದ್ದದ್ದು ನಾವೇ. ಒಳ್ಳೆಯ ವಾಕ್‌ಥ್ರೂ ಮಾಡುವ ಕೆಲಸ ಇದೇ. ಒಂದೇ ತೊಂದರೆ ಅಂದರೆ ಅಜ್ಜಿಗೆ ನಮ್ಮ ಮುಖ ಕಾಣುತ್ತಿತ್ತು, ವಿಡಿಯೊ ಮಾಡುವವರಿಗೆ ಕಾಣುವುದಿಲ್ಲ. ನೋಡುವವರು ಎಲ್ಲಿ ನಿಂತಿದ್ದಾರೆ ಅಂತ ಗೊತ್ತಿಲ್ಲದೆ ಸುಳಿವು ಬರೆಯಬೇಕು. ಸ್ಕ್ರಿಪ್ಟ್ ಬೇಕಾಗುವುದು ಅದಕ್ಕೇ.

## ಮಾಯದ ಶಾಯಿಯ ಪುಸ್ತಕ

ಈ ತೊಂದರೆಗೆ ವಿಡಿಯೊ ಬರುವುದಕ್ಕೂ ಬಹಳ ಮೊದಲೇ ಒಂದು ಚಂದದ ಉತ್ತರ ಸಿಕ್ಕಿತ್ತು. 1980ರ ದಶಕದ ಆರಂಭದಲ್ಲಿ ಅಮೆರಿಕದ ಇನ್ಫೋಕಾಮ್ ಕಂಪನಿ ಚಿತ್ರವೇ ಇಲ್ಲದ, ಬರೀ ಅಕ್ಷರದ ಕಂಪ್ಯೂಟರ್ ಆಟಗಳನ್ನು ಮಾಡುತ್ತಿತ್ತು. ಝೋರ್ಕ್ ಅದರಲ್ಲಿ ಹೆಸರಾದದ್ದು. ಆಟಗಾರರು ಸಿಕ್ಕಿಹಾಕಿಕೊಂಡು ಸುಳಿವು ಕೇಳುತ್ತಿದ್ದರು. ಮೈಕ್ ಡಾರ್ನ್‌ಬ್ರೂಕ್ ಅನ್ನುವವರು ಇದಕ್ಕೆ ಇನ್ವಿಸಿಕ್ಲೂಸ್ ಎಂಬ ಪುಸ್ತಕಗಳನ್ನು ತಂದರು. ಪುಟದ ಮೇಲೆ ಪ್ರಶ್ನೆ ಕಾಣುತ್ತಿತ್ತು. ಅದರ ಕೆಳಗಿನ ಉತ್ತರಗಳು ಕಣ್ಣಿಗೆ ಕಾಣದ ಶಾಯಿಯಲ್ಲಿ ಅಚ್ಚಾಗಿದ್ದವು. ಪುಸ್ತಕದ ಜೊತೆ ಬಂದ ಪೆನ್ನಿನಿಂದ ತಿಕ್ಕಿದರೆ ಒಂದೊಂದೇ ಸಾಲು ಮೂಡುತ್ತಿತ್ತು. ಮೊದಲ ಸಾಲು ತೆಳುವಾದ ಸುಳಿವು, ಆಮೇಲಿನದು ಸ್ವಲ್ಪ ಗಟ್ಟಿ, ಕೊನೆಯದು ಪೂರ್ತಿ ಉತ್ತರ. ಎಲ್ಲಿಗೆ ಸಾಕು ಅನ್ನುವುದು ಓದುವವರ ಕೈಯಲ್ಲಿತ್ತು.

ಆ ಪುಸ್ತಕಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇನ್ನೊಂದು ವಿಷಯ. ಅವುಗಳಲ್ಲಿ ಸುಳ್ಳು ಪ್ರಶ್ನೆಗಳೂ ಇರುತ್ತಿದ್ದವು. ಯಾಕೆ? "ಡ್ರ್ಯಾಗನ್ನನ್ನು ದಾಟುವುದು ಹೇಗೆ" ಅಂತ ಒಂದು ಪ್ರಶ್ನೆ ಕಂಡರೆ ಸಾಕು, ಮುಂದೆ ಎಲ್ಲೋ ಡ್ರ್ಯಾಗನ್ ಇದೆ ಅಂತ ಗೊತ್ತಾಗಿಬಿಡುತ್ತದೆ. ಉತ್ತರ ಓದದಿದ್ದರೂ ಪ್ರಶ್ನೆಯೇ ಸ್ಪಾಯ್ಲರ್. ಹಾಗಾಗಿ ಆಟದಲ್ಲಿ ಇಲ್ಲದ ಸಂಗತಿಗಳ ಬಗ್ಗೆಯೂ ಪ್ರಶ್ನೆ ಬೆರೆಸಿ, ಯಾವುದು ನಿಜ ಅಂತ ಗೊತ್ತಾಗದ ಹಾಗೆ ಮಾಡುತ್ತಿದ್ದರು. ತಲೆಬರಹವೂ ಗುಟ್ಟು ಬಿಟ್ಟುಕೊಡುತ್ತದೆ ಅನ್ನುವ ಈ ಮಾತು ವಿಡಿಯೊಗೂ ಹಾಗೆಯೇ ಅನ್ವಯಿಸುತ್ತದೆ. ಕೆಳಗೆ ಮತ್ತೆ ಬರುತ್ತೇನೆ.

ಆಮೇಲಿನ ಆಟಗಳು ಇದನ್ನು ತಮ್ಮೊಳಗೇ ಇಟ್ಟುಕೊಂಡವು. 2007ರಲ್ಲಿ ಜಪಾನಿನಲ್ಲಿ ಶುರುವಾದ ಪ್ರೊಫೆಸರ್ ಲೇಟನ್ ಆಟಗಳಲ್ಲಿ ಒಂದು ಸುಳಿವು ತೆರೆಯಲು ಒಂದು ನಾಣ್ಯ ಕೊಡಬೇಕು. ನಾಣ್ಯ ಹೋಗುತ್ತಲ್ಲಾ ಅಂತ ಇನ್ನೊಂದು ಸಲ ಯೋಚನೆ ಮಾಡುತ್ತೇವೆ. ವಿಡಿಯೊದಲ್ಲಿ ನಾಣ್ಯ ಇಲ್ಲ. ಅದರ ಬದಲು ನಮ್ಮ ಹತ್ತಿರ ಇರುವುದು ಮೌನ ಮತ್ತು ವಿಡಿಯೊ ನಿಲ್ಲಿಸುವ ಗುಂಡಿ.

## ನಮ್ಮ ಉದಾಹರಣೆ: ಸೊಕೊಬಾನ್

ಪೆಟ್ಟಿಗೆ ತಳ್ಳುವ ಆಟಗಳ ಮೂಲ ಸೊಕೊಬಾನ್. ಜಪಾನಿನ ಹಿರೊಯುಕಿ ಇಮಬಯಾಶಿ 1981ರಲ್ಲಿ ಇದನ್ನು ರೂಪಿಸಿದರು. ಮರುವರ್ಷ ಅದು ಮಾರುಕಟ್ಟೆಗೆ ಬಂತು. ಸೊಕೊಬಾನ್ ಅಂದರೆ ಗೋದಾಮು ನೋಡಿಕೊಳ್ಳುವವನು. ನಿಯಮ ತುಂಬಾ ಕಡಿಮೆ. ಪೆಟ್ಟಿಗೆಯನ್ನು ತಳ್ಳಬಹುದು, ಎಳೆಯುವ ಹಾಗಿಲ್ಲ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ. ಎಲ್ಲಾ ಪೆಟ್ಟಿಗೆಯೂ ಗುರುತು ಮಾಡಿದ ಜಾಗಕ್ಕೆ ಸೇರಿದರೆ ಲೆವೆಲ್ ಮುಗಿಯಿತು.

ಬೇರೆಯವರ ಲೆವೆಲ್ ಹಾಳು ಮಾಡುವುದು ಬೇಡ ಅಂತ ನಾನೇ ಒಂದು ಚಿಕ್ಕದು ಮಾಡಿದ್ದೇನೆ. `#` ಅಂದರೆ ಗೋಡೆ, `@` ಅಂದರೆ ನೀವು, `$` ಪೆಟ್ಟಿಗೆ, `.` ಪೆಟ್ಟಿಗೆ ಸೇರಬೇಕಾದ ಜಾಗ. ಸೊಕೊಬಾನ್ ಲೆವೆಲ್‌ಗಳನ್ನು ಸಾಮಾನ್ಯವಾಗಿ ಹೀಗೇ ಬರೆಯುತ್ತಾರೆ.

```
########
#   ####
#   ####
#@$$ ..#
#   ####
#   ####
########
```

ಎಡಗಡೆ ಒಂದು ಕೋಣೆ, ಮೂರು ಮನೆ ಅಗಲ, ಐದು ಮನೆ ಎತ್ತರ. ಅದರ ನಡುವಿನಿಂದ ಬಲಕ್ಕೆ ಒಂದು ಕಿರಿದಾದ ಓಣಿ. ಓಣಿಯ ತುದಿಯಲ್ಲಿ ಎರಡು ಜಾಗ. ಇದರ ಉತ್ತರ ಈ ಲೇಖನದಲ್ಲೇ ಮುಂದೆ ಬರುತ್ತದೆ. ನೀವೇ ಬಿಡಿಸಬೇಕು ಅನ್ನಿಸಿದರೆ ಒಂದು ಹಾಳೆಯ ಮೇಲೆ ಬರೆದು, ಎರಡು ನಾಣ್ಯ ಇಟ್ಟುಕೊಂಡು ಇಲ್ಲೇ ಸ್ವಲ್ಪ ಹೊತ್ತು ನಿಲ್ಲಿ.

## ಮೊದಲು ಕೇಳಬೇಕಾದದ್ದು: ಯಾಕೆ ಸಿಕ್ಕಿಹಾಕಿಕೊಂಡಿದ್ದಾರೆ?

ಹೊಸದಾಗಿ ಬರೆಯುವವರು ಇಲ್ಲೇ ತಪ್ಪುತ್ತಾರೆ. ಆಟಗಾರರಿಗೆ ಉತ್ತರ ಗೊತ್ತಿಲ್ಲ, ಅದನ್ನು ತುಂಡು ತುಂಡಾಗಿ ಕೊಟ್ಟರೆ ಸುಳಿವು ಆಯಿತು ಅಂದುಕೊಳ್ಳುತ್ತಾರೆ. ಆದರೆ ಸಿಕ್ಕಿಹಾಕಿಕೊಳ್ಳುವುದರಲ್ಲಿ ಬೇರೆ ಬೇರೆ ರೀತಿ ಇದೆ. ಹೊಟ್ಟೆನೋವು ಅಂತ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡಲು ಆಗುವುದಿಲ್ಲ, ಅಲ್ವಾ?

ಕೆಲವರಿಗೆ ನಿಯಮವೇ ಗೊತ್ತಿರುವುದಿಲ್ಲ. ಮೇಲಿನ ಲೆವೆಲ್‌ನಲ್ಲಿ ಬಲಕ್ಕೆ ಒತ್ತುತ್ತಾರೆ, ಒತ್ತುತ್ತಲೇ ಇರುತ್ತಾರೆ. ಎರಡು ಪೆಟ್ಟಿಗೆ ಒಟ್ಟಿಗೆ ಅಲುಗುವುದಿಲ್ಲ ಅಂತ ಅವರಿಗೆ ಯಾರೂ ಹೇಳಿಲ್ಲ. ಇದನ್ನು ಹೇಳುವುದು ಸ್ಪಾಯ್ಲರ್ ಅಲ್ಲವೇ ಅಲ್ಲ. ನೇರವಾಗಿ ಹೇಳಿಬಿಡಬೇಕು.

ಇನ್ನು ಕೆಲವರಿಗೆ ನಿಯಮ ಗೊತ್ತು, ಉಪಾಯ ಹೊಳೆದಿಲ್ಲ. ನಿಜವಾದ ಸುಳಿವು ಬೇಕಾಗಿರುವುದು ಇವರಿಗೆ.

ಆದರೆ ಸೊಕೊಬಾನ್ ಥರದ ಆಟದಲ್ಲಿ ಮೂರನೆಯ ಗುಂಪೊಂದು ಇದೆ. ಇವರ ಆಟ ಆಗಲೇ ಸತ್ತಿದೆ, ಅದು ಇವರಿಗೆ ತಿಳಿದಿಲ್ಲ. ಮೂಲೆಗೆ ಹೋದ ಪೆಟ್ಟಿಗೆ ಯಾವತ್ತೂ ಹೊರಗೆ ಬರುವುದಿಲ್ಲ, ಯಾಕೆಂದರೆ ಎಳೆಯಲು ಬರುವುದಿಲ್ಲ. ಆಟ ಮಾತ್ರ "ಸೋತಿರಿ" ಅಂತ ಹೇಳುವುದಿಲ್ಲ. ಪಾಪ, ಇವರು ಅರ್ಧ ಗಂಟೆ ಓಡಾಡುತ್ತಲೇ ಇರುತ್ತಾರೆ. ಇವರಿಗೆ ಎಷ್ಟೇ ಒಳ್ಳೆಯ ಸುಳಿವು ಕೊಟ್ಟರೂ ಉಪಯೋಗವಿಲ್ಲ. ಸುಳಿವು ಸರಿಯಾಗಿಯೇ ಇರುತ್ತದೆ, ಅವರ ಪರದೆಯ ಮೇಲೆ ಮಾತ್ರ ಅದು ನಡೆಯುವುದಿಲ್ಲ. ಆಗ ಅವರು ನಿಮ್ಮ ಸುಳಿವನ್ನೇ ತಪ್ಪು ಅಂದುಕೊಳ್ಳುತ್ತಾರೆ.

ನಮ್ಮ ಲೆವೆಲ್‌ನಲ್ಲಿ ಆಟ ಸಾಯುವ ಜಾಗ ಯಾವುವು ಅಂತ ನೋಡೋಣ. ಪೆಟ್ಟಿಗೆಯನ್ನು ಕೋಣೆಯ ಕೆಳಗಿನ ಸಾಲಿಗೆ ತಳ್ಳಿದರೆ ಮುಗಿಯಿತು. ಮೂಲೆ ಅಲ್ಲದಿದ್ದರೂ ಮುಗಿಯಿತು, ಯಾಕೆಂದರೆ ಅದನ್ನು ಮೇಲಕ್ಕೆ ತಳ್ಳಲು ನೀವು ಅದರ ಕೆಳಗೆ ನಿಲ್ಲಬೇಕು, ಅಲ್ಲಿ ಗೋಡೆ ಇದೆ. ಗೋಡೆ ಉದ್ದಕ್ಕೂ ಆಚೀಚೆ ಜಾರಬಹುದು, ಆದರೆ ಆ ಸಾಲಿನಲ್ಲಿ ಸೇರಬೇಕಾದ ಜಾಗವೇ ಇಲ್ಲ. ಮೇಲಿನ ಸಾಲಿಗೂ, ಎಡ ಗೋಡೆಯ ಪಕ್ಕಕ್ಕೂ ಇದೇ ಮಾತು. ಇನ್ನೊಂದು ಸಾವು ಓಣಿಯೊಳಗೆ. ಒಂದು ಪೆಟ್ಟಿಗೆ ಮೊದಲ ಜಾಗದಲ್ಲಿ ನಿಂತು, ಅದರ ಬೆನ್ನಿಗೆ ಇನ್ನೊಂದು ಪೆಟ್ಟಿಗೆ ಬಂದು ತಾಕಿದರೆ ಎರಡೂ ಸಿಕ್ಕಿಕೊಂಡವು. ಒಟ್ಟಿಗೆ ತಳ್ಳುವ ಹಾಗಿಲ್ಲ, ಹಿಂದಕ್ಕೆ ಎಳೆಯುವ ಹಾಗಿಲ್ಲ.

ಹಾಗಾಗಿ ಸ್ಕ್ರಿಪ್ಟ್‌ನ ಮೊದಲ ಸುಳಿವಿಗಿಂತ ಮುಂಚೆ ಒಂದು ತಪಾಸಣೆ ಬರಬೇಕು: "ನಿಮ್ಮ ಪೆಟ್ಟಿಗೆ ಗೋಡೆಗೆ ಅಂಟಿಕೊಂಡಿದೆಯಾ? ಆ ಗೋಡೆಯ ಉದ್ದಕ್ಕೂ ಒಂದಾದರೂ ಗುರುತಿನ ಜಾಗ ಅಥವಾ ಓಣಿಯ ಬಾಯಿ ಇದೆಯಾ? ಇಲ್ಲ ಅಂದರೆ ರೀಸ್ಟಾರ್ಟ್ ಒತ್ತಿ ಬನ್ನಿ, ನಾನು ಕಾಯುತ್ತೇನೆ." ಇದರಲ್ಲಿ ಉತ್ತರದ ಒಂದು ಚೂರೂ ಇಲ್ಲ. ಆದರೂ ಎಷ್ಟೋ ಜನಕ್ಕೆ ಇಷ್ಟೇ ಸಾಕಾಗುತ್ತದೆ.

## ಸುಳಿವುಗಳ ಮೆಟ್ಟಿಲು

ಈಗ ಉಪಾಯ ಹೊಳೆಯದವರ ಕಡೆಗೆ ಬರೋಣ. ಸುಳಿವು ಬರೆಯುವ ಮೊದಲು ಉತ್ತರವನ್ನು ಬಿಡಿಸಿ, ಅದರಲ್ಲಿ ಹೊಳೆಯಬೇಕಾದ ಸಂಗತಿ ಎಷ್ಟಿವೆ ಅಂತ ಎಣಿಸಬೇಕು. ನಡೆ ಎಷ್ಟು ಅಂತ ಎಣಿಸುವುದು ಬೇರೆ, ಇದು ಬೇರೆ. ನಮ್ಮ ಲೆವೆಲ್‌ನಲ್ಲಿ ನಾನು ಆಡಿದ ಉತ್ತರಕ್ಕೆ 19 ನಡೆ, ಅದರಲ್ಲಿ 8 ತಳ್ಳು. ಹೊಳೆಯಬೇಕಾದದ್ದು ಎರಡೇ. ಒಂದು, ಎರಡು ಪೆಟ್ಟಿಗೆಯಲ್ಲಿ ಒಂದನ್ನು ಪಕ್ಕಕ್ಕೆ ಸರಿಸಿ ಇಡಬೇಕು, ಅದೂ ಒಂದೇ ಮನೆಯಷ್ಟು. ಎರಡು, ಓಣಿಗೆ ಮೊದಲು ಹೋದ ಪೆಟ್ಟಿಗೆ ತುದಿಯವರೆಗೂ ಹೋಗಬೇಕು. ಉಳಿದದ್ದೆಲ್ಲ ನಡಿಗೆ.

ಹಾಗಾಗಿ ಮೆಟ್ಟಿಲು ಹೀಗೆ ಕಟ್ಟಿದೆ. ಮೊದಲ ಸುಳಿವು ಕಣ್ಣನ್ನು ಸರಿಯಾದ ಕಡೆ ತಿರುಗಿಸುತ್ತದೆ: "ಈ ಎರಡು ಪೆಟ್ಟಿಗೆ ಒಂದಕ್ಕೊಂದು ಅಡ್ಡ ನಿಂತಿವೆ. ಕೋಣೆ ಯಾಕೆ ಅಷ್ಟು ಎತ್ತರ ಇದೆ ಅಂತ ಯೋಚನೆ ಮಾಡಿ." ಏನು ಮಾಡಬೇಕು ಅಂತ ಇದರಲ್ಲಿ ಇಲ್ಲ. ಎಲ್ಲಿ ನೋಡಬೇಕು ಅಂತ ಮಾತ್ರ ಇದೆ.

ಎರಡನೆಯದು ಪ್ರಶ್ನೆ: "ಒಂದು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದರೆ, ಆಮೇಲೆ ಅದನ್ನು ವಾಪಸ್ ತರಲು ನೀವು ಎಲ್ಲಿ ನಿಲ್ಲಬೇಕು? ಅಲ್ಲಿ ನಿಲ್ಲಲು ಜಾಗ ಉಳಿದಿದೆಯಾ?" ಈ ಪ್ರಶ್ನೆಗೆ ಉತ್ತರ ಹುಡುಕಿದವರಿಗೆ ಒಂದೇ ಮನೆ ಸರಿಸಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ನಾವು ಹೇಳಿಲ್ಲ, ಅವರೇ ಕಂಡುಕೊಂಡರು.

ಮೂರನೆಯದು ಓಣಿಯ ಬಗ್ಗೆ: "ಓಣಿಯಲ್ಲಿ ಎರಡು ಜಾಗ ಇವೆ. ಮೊದಲು ಯಾವುದು ತುಂಬಬೇಕು?" ಇಷ್ಟೇ. ಇದರ ನಂತರ ಪೂರ್ತಿ ಉತ್ತರ.

ಬರೆಯುವಾಗ ಒಂದು ಎಚ್ಚರಿಕೆ ಬೇಕು. ನಾನು ಮೊದಲು ಬರೆದದ್ದು "ಎಡಗಡೆಯ ಪೆಟ್ಟಿಗೆಯನ್ನು ಕೆಳಗೆ ಸರಿಸಿ" ಅಂತ. ನಾನು ಹಾಗೇ ಬಿಡಿಸಿದ್ದೆ. ಆಮೇಲೆ ಇನ್ನೊಂದು ಸಲ ಆಡಿ ನೋಡಿದರೆ ಬಲಗಡೆಯ ಪೆಟ್ಟಿಗೆ ಸರಿಸಿದರೂ ಲೆವೆಲ್ ಮುಗಿಯುತ್ತದೆ, ಆಗ 23 ನಡೆ ಬೇಕು, ತಳ್ಳು ಮಾತ್ರ ಅದೇ 8. ಕೆಳಗಿನ ಬದಲು ಮೇಲೆ ಸರಿಸಿದರೂ ಆಗುತ್ತದೆ. ಬಲಗಡೆಯದನ್ನು ಸರಿಸಿ ಸರಿಯಾದ ದಾರಿಯಲ್ಲೇ ಇದ್ದ ಒಬ್ಬರು ನನ್ನ ಸುಳಿವು ಕೇಳಿ "ಓ, ನಾನು ಮಾಡಿದ್ದು ತಪ್ಪು" ಅಂತ ಎಲ್ಲಾ ಅಳಿಸಿಬಿಡುತ್ತಿದ್ದರು. ನನ್ನ ದಾರಿ ಒಂದೇ ದಾರಿ ಅಂತ ಸುಳಿವಿನಲ್ಲಿ ಧ್ವನಿಸಬಾರದು. ಅದಕ್ಕೇ "ಒಂದು ಪೆಟ್ಟಿಗೆ" ಅಂತ ಬರೆದೆ, "ಪಕ್ಕಕ್ಕೆ" ಅಂತ ಬರೆದೆ.

## ಜೋಕ್ ಎಲ್ಲಿ ಹಾಕಬೇಕು

ಸಿಕ್ಕಿಹಾಕಿಕೊಂಡವರ ತಲೆ ಬಿಸಿಯಾಗಿರುತ್ತದೆ. ಒಂದು ನಗು ಬಂದರೆ ಸ್ವಲ್ಪ ಹಗುರಾಗುತ್ತದೆ. ಹಾಗಾಗಿ ವಾಕ್‌ಥ್ರೂನಲ್ಲಿ ತಮಾಷೆ ಬೇಕು. ಆದರೆ ತಮಾಷೆಗೂ ಜಾಗ ಇದೆ.

ಆಟಗಾರರು ಯೋಚನೆ ಮಾಡುತ್ತಿರುವ ಹೊತ್ತಿನಲ್ಲಿ ಮಾತಾಡಿದರೆ ಅದು ಎಷ್ಟೇ ಚೆನ್ನಾಗಿದ್ದರೂ ಕಾಟ. ಲೆಕ್ಕ ಮಾಡುತ್ತಿರುವವರ ಪಕ್ಕ ನಿಂತು ಬೇರೆ ಅಂಕಿ ಹೇಳಿದ ಹಾಗೆ. ಸುಳಿವು ಹೇಳಿದ ತಕ್ಷಣದ ಐದಾರು ಸೆಕೆಂಡು ಪೂರ್ತಿ ಮೌನ ಇರಬೇಕು. ಜೋಕ್ ಹಾಕಲು ಒಳ್ಳೆಯ ಜಾಗ ಅಂದರೆ ತಲೆಗೆ ಕೆಲಸ ಇಲ್ಲದ ಹೊತ್ತು. ಲೆವೆಲ್ ಲೋಡ್ ಆಗುವಾಗ, ರೀಸ್ಟಾರ್ಟ್ ಮಾಡುವಾಗ, ಕೊನೆಯ ಉತ್ತರದಲ್ಲಿ ಗೋದಾಮಿನವನು ಸುಮ್ನೆ ಸುತ್ತಿಕೊಂಡು ಬರುವಾಗ.

ಯಾರ ಮೇಲೆ ಜೋಕ್ ಅನ್ನುವುದೂ ಮುಖ್ಯ. "ಇದೂ ಗೊತ್ತಾಗಲಿಲ್ವಾ?" ಅನ್ನುವ ಮಾತು ನೋಡುವವರಿಗೆ ಚುಚ್ಚುತ್ತದೆ. ಅವರು ಆಗಲೇ ಬೇಜಾರಿನಲ್ಲಿ ವಿಡಿಯೊಗೆ ಬಂದಿದ್ದಾರೆ. ಪೆಟ್ಟಿಗೆಯ ಮೇಲೆ, ಗೋದಾಮಿನ ಮೇಲೆ ಜೋಕ್ ಮಾಡಿದರೆ ಯಾರಿಗೂ ನೋವಿಲ್ಲ. "ಈ ಗೋದಾಮು ಕಟ್ಟಿದ ಮೇಸ್ತ್ರಿ ಬಾಗಿಲು ಇಡೋದೇ ಮರೆತಿದ್ದಾನೆ, ಪೆಟ್ಟಿಗೆ ಒಳಗೆ ಹೇಗೆ ಬಂತೋ ದೇವರೇ ಬಲ್ಲ." ಲೆವೆಲ್ ಚಿತ್ರ ಮತ್ತೊಮ್ಮೆ ನೋಡಿ, ನಿಜವಾಗಿಯೂ ಬಾಗಿಲಿಲ್ಲ. ಶುರುವಿನಲ್ಲಿ ಈ ಜೋಕ್ ಹಾಕಿದೆ. ಇದರಿಂದ ಯಾವ ಗುಟ್ಟೂ ಹೊರಬೀಳುವುದಿಲ್ಲ.

ಜೋಕ್‌ನಿಂದ ಗುಟ್ಟು ಹೊರಬೀಳುವುದು ಹೇಗೆ ಅಂತ ತೋರಿಸಲು ಇನ್ನೊಂದು ಜೋಕ್ ಹೇಳುತ್ತೇನೆ. ಈ ಓಣಿ ನೋಡಿದಾಗ ನನಗೆ ಬಸ್ಸೇ ನೆನಪಾಯಿತು. ಬಸ್ ಹತ್ತಿದವರು ಬಾಗಿಲ ಹತ್ತಿರವೇ ನಿಂತುಬಿಡುತ್ತಾರೆ, ಹಿಂದೆ ಬಂದವರಿಗೆ ಜಾಗವಿಲ್ಲ, ಕಂಡಕ್ಟರ್ "ಒಳಗ್ ಹೋಗ್ರೀ, ಒಳಗ್ ಹೋಗ್ರೀ, ಅಲ್ಲೇನ್ ಬಾಗ್ಲು ಕಾಯೋಕ್ ನಿಂತಿದೀರಾ?" ಅಂತ ಕೂಗುತ್ತಾರೆ. ಓಣಿಯ ಮೊದಲ ಜಾಗದಲ್ಲೇ ನಿಂತ ಪೆಟ್ಟಿಗೆಗೆ ಇದು ಸರಿಯಾಗಿ ಹೊಂದುತ್ತದೆ. ಎಷ್ಟು ಸರಿಯಾಗಿ ಅಂದರೆ, ಈ ಜೋಕೇ ಮೂರನೆಯ ಸುಳಿವು! ಮೊದಲ ಪೆಟ್ಟಿಗೆ ತುದಿಗೆ ಹೋಗಬೇಕು ಅಂತ ಕಂಡಕ್ಟರ್ ಹೇಳಿಬಿಟ್ಟರು.

ನಾನು ಮೊದಲ ಸಲ ಇದನ್ನು ವಿಡಿಯೊದ ಶುರುವಿನಲ್ಲಿ, ಲೆವೆಲ್ ತೋರಿಸುವಾಗಲೇ ಹಾಕಿದ್ದೆ. ನಗು ಬರುತ್ತಿತ್ತು, ಆದರೆ ಇನ್ನೂ ಒಂದು ನಡೆಯನ್ನೂ ಆಡದವರಿಗೆ ಅರ್ಧ ಉತ್ತರ ಸಿಕ್ಕಿಬಿಡುತ್ತಿತ್ತು. ಅದೇ ಜೋಕನ್ನು ಮೂರನೆಯ ಸುಳಿವಿನ ಜಾಗಕ್ಕೆ ಸಾಗಿಸಿದೆ. ಒಂದಕ್ಷರವೂ ಬದಲಾಗಲಿಲ್ಲ. ಅಲ್ಲಿ ಸ್ಪಾಯ್ಲರ್ ಆಗಿದ್ದದ್ದು ಇಲ್ಲಿ ಸುಳಿವಾಯಿತು. "ಮೊದಲು ಯಾವುದು ತುಂಬಬೇಕು" ಅನ್ನುವ ಒಣ ಪ್ರಶ್ನೆಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ನೋಡುವವರು ನಗುತ್ತಾರೆ, ಒಂದು ಕ್ಷಣ ಬಿಟ್ಟು "ಓ!" ಅನ್ನುತ್ತಾರೆ. ಬಸ್ಸಿನಿಂದ ಪೆಟ್ಟಿಗೆಗೆ ಬರುವ ಆ ಒಂದು ಹೆಜ್ಜೆ ಅವರದೇ. ಪ್ರತಿ ಜೋಕನ್ನೂ ಹೀಗೆ ಒಮ್ಮೆ ತೂಗಿ ನೋಡಬೇಕು: ಇದರಲ್ಲಿ ಉತ್ತರ ಎಷ್ಟು ಅಡಗಿದೆ?

## ಬಾಯಿ ಮುಚ್ಚಿಕೊಂಡರೂ ಪರದೆ ಹೇಳಿಬಿಡುತ್ತದೆ

ಮಾತಿನಲ್ಲಿ ಎಷ್ಟು ಎಚ್ಚರವಾಗಿದ್ದರೂ ಚಿತ್ರ ಗುಟ್ಟು ಬಿಟ್ಟುಕೊಡಬಹುದು. ಸುಳಿವು ಹೇಳುವಾಗ ಹಿನ್ನೆಲೆಯಲ್ಲಿ ಲೆವೆಲ್ ಆಡುತ್ತಾ ಇದ್ದರೆ ಕಣ್ಣು ಅದನ್ನೇ ನೋಡುತ್ತದೆ. ಮೂರೂ ಸುಳಿವು ಮುಗಿಯುವವರೆಗೆ ಪರದೆಯ ಮೇಲೆ ಶುರುವಿನ ಚಿತ್ರ ಮಾತ್ರ ಇರಲಿ, ಅಲುಗದೆ. ಮೌಸ್ ಬಾಣವನ್ನೂ ಮರೆಮಾಡಿ. ನಾವು ಯೋಚನೆ ಮಾಡುತ್ತಾ ಅದನ್ನು ಉತ್ತರದ ಕಡೆಗೇ ಆಡಿಸುತ್ತಿರುತ್ತೇವೆ, ನಮಗೇ ತಿಳಿಯುವುದಿಲ್ಲ. ನಿಯಮ ತೋರಿಸಬೇಕಾದರೆ ಬೇರೆ ಒಂದು ಖಾಲಿ ಕೋಣೆಯಲ್ಲಿ ತೋರಿಸಿ.

ಥಂಬ್‌ನೇಲ್‌ನಲ್ಲಿ ಮುಗಿದ ಲೆವೆಲ್ ಚಿತ್ರ ಹಾಕಬೇಡಿ. ಹುಡುಕಲು ಬಂದವರಿಗೆ ವಿಡಿಯೊ ತೆರೆಯುವ ಮೊದಲೇ ಕಂಡುಬಿಡುತ್ತದೆ.

ಆಮೇಲೆ ಚಾಪ್ಟರ್‌ಗಳು. ಯೂಟ್ಯೂಬ್‌ನಲ್ಲಿ ವಿಡಿಯೊ ಕೆಳಗಿನ ವಿವರಣೆಯಲ್ಲಿ ಸಮಯ ಮತ್ತು ಹೆಸರು ಬರೆದರೆ ವಿಡಿಯೊ ಭಾಗಗಳಾಗಿ ಒಡೆಯುತ್ತದೆ. ಮೊದಲನೆಯದು `0:00`ಯಿಂದ ಶುರುವಾಗಬೇಕು, ಕಡಿಮೆ ಅಂದರೂ ಮೂರು ಭಾಗ ಇರಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಕಡಿಮೆ ಇರಬಾರದು. ವಾಕ್‌ಥ್ರೂಗೆ ಇದು ತುಂಬಾ ಉಪಯೋಗ. ಎರಡನೆಯ ಸುಳಿವು ಮಾತ್ರ ಬೇಕಾದವರು ನೇರ ಅಲ್ಲಿಗೆ ಹೋಗುತ್ತಾರೆ. ಇನ್ವಿಸಿಕ್ಲೂಸ್ ಪೆನ್ನಿನ ಕೆಲಸವನ್ನು ಇಲ್ಲಿ ಚಾಪ್ಟರ್ ಮಾಡುತ್ತದೆ. ಆದರೆ ಆ ಹೆಸರುಗಳು ವಿಡಿಯೊ ಪಟ್ಟಿಯ ಮೇಲೆ ಎಲ್ಲರಿಗೂ ಕಾಣುತ್ತವೆ. "ಎಡ ಪೆಟ್ಟಿಗೆ ಕೆಳಗೆ ಸರಿಸುವುದು" ಅಂತ ಚಾಪ್ಟರ್‌ಗೆ ಹೆಸರಿಟ್ಟರೆ ಸುಳಿವು ಬರೆದದ್ದೆಲ್ಲ ದಂಡ. ಡ್ರ್ಯಾಗನ್ ಪ್ರಶ್ನೆಯ ಕಥೆಯೇ ಇದು. ನಾನು ಹೀಗೆ ಇಟ್ಟೆ:

```
0:00 ಲೆವೆಲ್ ಪರಿಚಯ
0:30 ನಿಮ್ಮ ಆಟ ಇನ್ನೂ ಜೀವಂತ ಇದೆಯಾ?
1:05 ಸುಳಿವು 1
1:35 ಸುಳಿವು 2
2:10 ಸುಳಿವು 3
2:45 ಪೂರ್ತಿ ಉತ್ತರ
```

## ಸ್ಕ್ರಿಪ್ಟ್ ಹೀಗಿರುತ್ತದೆ

ಹಾಳೆಯನ್ನು ಎರಡು ಭಾಗ ಮಾಡಿ, ಒಂದು ಕಡೆ ಪರದೆಯ ಮೇಲೆ ಏನು ಕಾಣಬೇಕು, ಇನ್ನೊಂದು ಕಡೆ ಏನು ಹೇಳಬೇಕು ಅಂತ ಬರೆಯುತ್ತೇನೆ. ಎರಡನೆಯ ಸುಳಿವಿನಿಂದ ಕೊನೆಯವರೆಗಿನ ಭಾಗ ಇದು.

ಪರದೆ: ಶುರುವಿನ ಚಿತ್ರ. ಅಲುಗಾಟ ಇಲ್ಲ.
ದನಿ: "ಎರಡನೇ ಸುಳಿವು. ಒಂದು ಪೆಟ್ಟಿಗೆ ಪಕ್ಕಕ್ಕೆ ಹೋಗ್ಬೇಕು ಅಂತ ನಿಮಗೂ ಅನ್ನಿಸಿರುತ್ತೆ. ಹೋದದ್ದು ವಾಪಸ್ ಬರ್ಬೇಕು ತಾನೆ? ತರೋಕೆ ನೀವು ಎಲ್ಲಿ ನಿಲ್ತೀರಾ? ಆ ಜಾಗ ಮೊದ್ಲೇ ನೋಡಿಟ್ಕೊಳ್ಳಿ. ವಿಡಿಯೊ ನಿಲ್ಲಿಸಿ, ಆಡಿ ನೋಡಿ."
ಪರದೆ: ಅದೇ ಚಿತ್ರ, ಆರು ಸೆಕೆಂಡು. ಸದ್ದಿಲ್ಲ.

ದನಿ: "ಮೂರನೇ ಸುಳಿವು. ಬಸ್ಸಲ್ಲಿ ಕಂಡಕ್ಟರ್ ಏನಂತ ಕೂಗ್ತಾರೆ ನೆನಪಿದ್ಯಾ? ಒಳಗ್ ಹೋಗ್ರೀ, ಒಳಗ್ ಹೋಗ್ರೀ, ಅಲ್ಲೇನ್ ಬಾಗ್ಲು ಕಾಯೋಕ್ ನಿಂತಿದೀರಾ? ಈ ಓಣಿನೂ ಒಂದು ಬಸ್ಸು."
ಪರದೆ: ಅದೇ ಚಿತ್ರ, ಆರು ಸೆಕೆಂಡು. ಸದ್ದಿಲ್ಲ.

ದನಿ: "ಮುಂದೆ ಪೂರ್ತಿ ಉತ್ತರ. ಇನ್ನೂ ಆಡ್ಬೇಕು ಅನ್ನೋರು ಇಲ್ಲೇ ನಿಲ್ಲಿಸಿ. ಮೂರು, ಎರಡು, ಒಂದು."
ಪರದೆ: ಆಟ ಶುರು. ಗೋದಾಮಿನವನು ಮೇಲೆ ಹೋಗಿ, ಬಲಕ್ಕೆ ತಿರುಗಿ, ಎಡ ಪೆಟ್ಟಿಗೆಯನ್ನು ಒಂದು ಮನೆ ಕೆಳಗೆ ತಳ್ಳುತ್ತಾನೆ.
ದನಿ: "ಒಂದೇ ಮನೆ. ಎರಡು ತಳ್ಳಿದ್ರೆ ಅದು ಗೋಡೆಗೆ ಅಂಟ್ಕೊಳ್ಳುತ್ತೆ. ನಾನು ಎಡದ್ದು ತಗೊಂಡೆ, ನೀವು ಬಲದ್ದು ತಗೊಂಡಿದ್ರೂ ತಪ್ಪಲ್ಲ."
ಪರದೆ: ಉಳಿದ ಪೆಟ್ಟಿಗೆಯನ್ನು ಬಲಕ್ಕೆ ಮೂರು ಸಲ ತಳ್ಳಿ ಓಣಿಯ ತುದಿಗೆ ಮುಟ್ಟಿಸುತ್ತಾನೆ. ಆಮೇಲೆ ಎಡಕ್ಕೆ ಬಂದು, ಕೆಳಗಿನ ಪೆಟ್ಟಿಗೆಯನ್ನು ಸುತ್ತಿಕೊಂಡು ಅದರ ಅಡಿಗೆ ಹೋಗುತ್ತಾನೆ.
ದನಿ: (ಸುತ್ತುವಾಗ) "ಬಾಗಿಲು ಮರೆತ ಮೇಸ್ತ್ರಿ ಓಡಾಡೋಕೆ ಜಾಗನಾದ್ರೂ ಬಿಟ್ಟಿದ್ದಾನಲ್ಲ, ಪುಣ್ಯ."
ಪರದೆ: ಮೇಲಕ್ಕೆ ಒಂದು ತಳ್ಳು. ಪೆಟ್ಟಿಗೆಯ ಎಡಕ್ಕೆ ಬಂದು ಬಲಕ್ಕೆ ಮೂರು ತಳ್ಳು. ಲೆವೆಲ್ ಮುಗಿಯಿತು.

ವಿವರಣೆಯ ಕೊನೆಯಲ್ಲಿ ಒಂದು ಸಾಲಿನ ಉತ್ತರವನ್ನೂ ಹಾಕುತ್ತೇನೆ. ಸೊಕೊಬಾನ್ ಆಡುವವರು ನಡೆಗಳನ್ನು ನಾಲ್ಕು ಅಕ್ಷರದಲ್ಲಿ ಬರೆಯುತ್ತಾರೆ. `l` ಎಡ, `r` ಬಲ, `u` ಮೇಲೆ, `d` ಕೆಳಗೆ. ಚಿಕ್ಕ ಅಕ್ಷರ ಇದ್ದರೆ ಬರೀ ನಡಿಗೆ, ದೊಡ್ಡ ಅಕ್ಷರ ಇದ್ದರೆ ತಳ್ಳು.

```
urDRRRllllddrUluRRR
```

ಈ ಸಾಲು ಇದ್ದರೆ ಯಾರು ಬೇಕಾದರೂ ಹಾಳೆಯ ಮೇಲೆ ಆಡಿ ಉತ್ತರ ಸರಿಯಾ ಅಂತ ನೋಡಬಹುದು. ರೆಕಾರ್ಡ್ ಮಾಡುವ ಮೊದಲು ನಾನೂ ಹಾಗೇ ನೋಡುತ್ತೇನೆ. ಮಾತಾಡುತ್ತಾ ಆಡಿದರೆ ಕೈ ತಪ್ಪುತ್ತದೆ.

## ಬರೆದದ್ದು ಸರಿಯಾಗಿದೆಯಾ ಅಂತ ತಿಳಿಯುವುದು ಹೇಗೆ

ಲೆವೆಲ್ ಬಿಡಿಸಿದವರಿಗೆ ಅದು ಕಷ್ಟ ಅಂತ ಅನ್ನಿಸುವುದೇ ಇಲ್ಲ. ಹಾಗಾಗಿ ಆಡಿಯೇ ಇಲ್ಲದ ಒಬ್ಬರನ್ನು ಕೂರಿಸಿ, ಸ್ಕ್ರಿಪ್ಟನ್ನು ಒಂದೊಂದೇ ಸುಳಿವಾಗಿ ಓದಿ ಹೇಳಬೇಕು. ಅವರು ಆಡುವಾಗ ಬಾಯಿ ಬಿಡಬಾರದು. ಎರಡು ವಿಷಯ ಗಮನಿಸಬೇಕು. ಸುಳಿವು ಕೇಳಿದ ಮೇಲೂ ಅವರು ಹಿಂದಿನ ನಡೆಗಳನ್ನೇ ಮತ್ತೆ ಮತ್ತೆ ಆಡುತ್ತಿದ್ದರೆ ಸುಳಿವು ತೀರಾ ತೆಳು. ಯೋಚನೆ ಮಾಡದೆ ಕೈ ನೇರ ಹೋಗಿ ಕೆಲಸ ಮುಗಿಸಿದರೆ ಅದು ಸುಳಿವಲ್ಲ, ಉತ್ತರ. ಒಂದು ಕ್ಷಣ ಕೈ ನಿಂತು, ಆಮೇಲೆ ಹೊಸ ಕಡೆಗೆ ಹೋದರೆ ಸುಳಿವು ಸರಿಯಾಗಿ ಕೂತಿದೆ.

ನಾನು ಅಕ್ಕನ ಮಗಳನ್ನೇ ಕೂರಿಸಿದೆ. ಹಾಳೆ, ಎರಡು ನಾಣ್ಯ, ಗೋದಾಮಿನವನಾಗಿ ಒಂದು ಹುಣಸೆ ಬೀಜ. ಮೊದಲ ಸುಳಿವಿಗೇ ಅವಳು ಬಲಗಡೆಯ ನಾಣ್ಯವನ್ನು ಒಂದು ಮನೆ ಕೆಳಗೆ ಸರಿಸಿದಳು. ಸರಿಯಾದ ದಾರಿ, ನನಗೆ ಖುಷಿ. ಆದರೆ ಈಗ ಹುಣಸೆ ಬೀಜ ಬಲನಾಣ್ಯ ಇದ್ದ ಜಾಗದಲ್ಲಿತ್ತು, ಎಡನಾಣ್ಯ ಅದರ ಪಕ್ಕದಲ್ಲೇ ಎಡಕ್ಕಿತ್ತು. ಅದರ ಆಚೆ ಹೋಗಲು ಅವಳು ಸೀದಾ ಎಡಕ್ಕೆ ನಡೆದಳು. ನಾಣ್ಯ ಒಂದು ಮನೆ ಸರಿದು ಎಡ ಗೋಡೆಗೆ ಅಂಟಿತು. ಆಟ ಸತ್ತಿತು. ಅವಳಿಗೆ ಗೊತ್ತಾಗಲಿಲ್ಲ, ಇನ್ನೂ ಐದು ನಿಮಿಷ ಆಡಿದಳು.

ನಾನು ಎಡ ಪೆಟ್ಟಿಗೆಯನ್ನು ಸರಿಸಿ ಬಿಡಿಸಿದ್ದರಿಂದ ಈ ಅಪಾಯ ನನಗೆ ಎದುರಾಗಿರಲೇ ಇಲ್ಲ. ತಪಾಸಣೆಯ ಭಾಗದಲ್ಲಿ ಗೋಡೆಯ ಮಾತು ಇತ್ತು ನಿಜ, ಆದರೆ ಅವಳು ಅದನ್ನು ಕೇಳಿದ್ದು ತಪ್ಪು ಮಾಡುವ ಮೊದಲು. ಹಾಗಾಗಿ ಎರಡನೆಯ ಸುಳಿವಿನ ಮುಂಚೆ ಒಂದು ಸಾಲು ಸೇರಿಸಿದೆ: "ಮೊದಲ ಸುಳಿವು ಕೇಳಿ ಆಡಿದ್ರಾ? ಒಂದು ಸಲ ಎಡ ಗೋಡೆ ಕಡೆ ನೋಡಿ. ಅಲ್ಲಿ ಪೆಟ್ಟಿಗೆ ನಿಂತಿದ್ರೆ ಅನ್‌ಡೂ ಒತ್ತಿ, ಈ ಸಲ ಅದನ್ನ ಮುಟ್ಟದೆ ಸುತ್ಕೊಂಡು ಬನ್ನಿ."

ಮಾರನೇ ದಿನ ಅವಳು ತನ್ನ ತಮ್ಮನನ್ನು ಕೂರಿಸಿಕೊಂಡು ಅದೇ ಹಾಳೆ ಹಾಕಿದಳು. ಅವನು ಎರಡೂ ನಾಣ್ಯವನ್ನು ಒಟ್ಟಿಗೆ ತಳ್ಳಲು ಹೋದ. "ಹಾಗಾಗಲ್ಲ, ಒಂದ್ಸಲಕ್ಕೆ ಒಂದೇ" ಅಂದಳು. ಆಮೇಲೆ ಅವನು ಸುಮ್ಮನೆ ಹಾಳೆ ನೋಡುತ್ತಾ ಕೂತ. ಇವಳ ಬಾಯಿ ತುದಿಗೆ ಉತ್ತರ ಬಂದಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.